ಹಣ ಕಡಿತ, ಕರೆನ್ಸಿ ನಾಪತ್ತೆ: ದೂರು ಯಾರ ಬಾಗಿಲಿಗೆ?

ಬ್ಯಾಂಕ್ ಖಾತೆಯಿಂದ ಹಣ ಕಡಿತವಾದ ಸಂದೇಶ ಕ್ಷಣಾರ್ಧದಲ್ಲಿ ಬಂದಿರುತ್ತದೆ. ಮೊಬೈಲಿಗೆ ಮಾತ್ರ ಕರೆನ್ಸಿ ಬಿದ್ದಿರುವುದಿಲ್ಲ. ದೂರವಾಣಿ ಕಂಪನಿಯನ್ನು ವಿಚಾರಿಸಿದರೆ ‘ಹಣ ನಮಗೆ ತಲುಪಿಲ್ಲ, ಬ್ಯಾಂಕನ್ನು ಕೇಳಿ’ ಎನ್ನುತ್ತದೆ. ಬ್ಯಾಂಕು ‘ನಮ್ಮಲ್ಲಿ ವ್ಯವಹಾರ ಯಶಸ್ವಿಯಾಗಿದೆ, ಆಪ್‌ನವರನ್ನು ಕೇಳಿ’ ಎನ್ನುತ್ತದೆ. ಆಪ್‌ನವರು ‘ಕಂಪನಿಯ ಉತ್ತರಕ್ಕೆ ಕಾಯುತ್ತಿದ್ದೇವೆ’ ಎನ್ನುತ್ತಾರೆ. ಈ ಮೂರು ಉತ್ತರಗಳಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಹಣ ಎಲ್ಲಿ ನಿಂತಿದೆ ಎಂಬುದು ಗೊತ್ತಾಗುವವರೆಗೆ ಗ್ರಾಹಕನ ಅಲೆದಾಟ ಮಾತ್ರ ತಪ್ಪುವುದಿಲ್ಲ.

ಒಂದಲ್ಲ, ಎರಡು ವ್ಯವಹಾರ

ಆಪ್ ಮೂಲಕ ಮಾಡುವ ರೀಚಾರ್ಜ್ ಗ್ರಾಹಕನ ಕಣ್ಣಿಗೆ ಒಂದೇ ವ್ಯವಹಾರ. ವಾಸ್ತವದಲ್ಲಿ ಅದು ಎರಡು. ಮೊದಲು ಯುಪಿಐ ಮೂಲಕ ಗ್ರಾಹಕನ ಖಾತೆಯ ಹಣ ಆಪ್ ಕಂಪನಿಯ ಖಾತೆಗೆ ಹೋಗಬೇಕು. ಅದಾದ ಬಳಿಕ ಆಪ್ ಕಂಪನಿಯು ‘ಈ ಸಂಖ್ಯೆಗೆ ಇಷ್ಟು ಮೊತ್ತದ ಪ್ಯಾಕ್ ಹಾಕಿ’ ಎಂದು ದೂರವಾಣಿ ಕಂಪನಿಗೆ ಆದೇಶ ಕಳುಹಿಸಬೇಕು. ಮೊದಲನೆಯದು ಗೆದ್ದು ಎರಡನೆಯದು ಸೋಲಬಹುದು. ಮೊದಲನೆಯದೇ ನಡುದಾರಿಯಲ್ಲಿ ನಿಲ್ಲಲೂಬಹುದು.

ಯಾವುದು ಸೋತಿದೆ ಎಂಬುದನ್ನು ಆಪ್‌ನ ವ್ಯವಹಾರ ಪುಟವೇ ಹೇಳುತ್ತದೆ. ಹಣ ಪಾವತಿಯೇ ‘ವಿಫಲ’ ಅಥವಾ ‘ಬಾಕಿ’ ಎಂದಿದ್ದು ಖಾತೆಯಲ್ಲಿ ಮಾತ್ರ ಕಡಿತವಾಗಿದ್ದರೆ, ಹಣ ಬ್ಯಾಂಕುಗಳ ನಡುವೆ ಸಿಲುಕಿದೆ. ಪಾವತಿ ‘ಯಶಸ್ವಿ’ ಎಂದಿದ್ದು ರೀಚಾರ್ಜ್ ‘ವಿಫಲ’ ಅಥವಾ ‘ಬಾಕಿ’ ಎಂದಿದ್ದರೆ ಹಣ ಆಪ್ ಕಂಪನಿಯ ಕೈಯಲ್ಲಿದೆ. ಎರಡೂ ‘ಯಶಸ್ವಿ’ ಎಂದಿದ್ದು, ಜೊತೆಗೆ ದೂರವಾಣಿ ಕಂಪನಿ ನೀಡಿದ ಉಲ್ಲೇಖ ಸಂಖ್ಯೆಯೂ ಕಾಣುತ್ತಿದ್ದರೆ, ಉತ್ತರಿಸಬೇಕಾದುದು ದೂರವಾಣಿ ಕಂಪನಿ. ಈ ಕೊನೆಯ ಸಂದರ್ಭದಲ್ಲಿ ಟೈಪ್ ಮಾಡಿದ ಮೊಬೈಲ್ ಸಂಖ್ಯೆಯನ್ನು ಮೊದಲು ಸರಿನೋಡಬೇಕು. ಒಂದು ಅಂಕಿ ತಪ್ಪಿದ್ದರೆ ಕರೆನ್ಸಿ ಬೇರೊಬ್ಬರಿಗೆ ಹೋಗಿರುತ್ತದೆ. ಅದನ್ನು ಮರಳಿ ಪಡೆಯುವುದು ಕಷ್ಟ.

ದಿನಕ್ಕೆ 100 ರೂಪಾಯಿ: ಯಾವಾಗ, ಯಾವಾಗ ಅಲ್ಲ

ವಿಫಲ ವ್ಯವಹಾರಗಳಿಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಕಾಲಮಿತಿ ನಿಗದಿಪಡಿಸಿತು. ಯುಪಿಐ ಮೂಲಕ ವ್ಯಾಪಾರಿಗೆ ಪಾವತಿಸುವಾಗ ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ಆ ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಇದಕ್ಕಾಗಿ ಗ್ರಾಹಕ ಅರ್ಜಿ ಹಾಕುವವರೆಗೆ ಕಾಯದೆ, ಸ್ವಯಂಪ್ರೇರಣೆಯಿಂದಲೇ ಖಾತೆಗೆ ಜಮೆ ಮಾಡಬೇಕೆಂದೂ ಸುತ್ತೋಲೆ ಹೇಳುತ್ತದೆ.

ಉದಾಹರಣೆಗೆ, ಒಬ್ಬ ಗ್ರಾಹಕ 2025ರ ಮಾರ್ಚ್ 3ರಂದು 299 ರೂಪಾಯಿಯ ರೀಚಾರ್ಜ್‌ಗೆ ಯತ್ನಿಸಿದರೆಂದು ಭಾವಿಸೋಣ. ಹಣ ಕಡಿತವಾಯಿತು, ಪಾವತಿ ವಿಫಲ ಎಂದು ಆಪ್ ತೋರಿಸಿತು. ಇಲ್ಲಿ ಲೆಕ್ಕಕ್ಕೆ ಬರುವುದು ಪಂಚಾಂಗದ ದಿನಗಳು. ಭಾನುವಾರ, ರಜಾದಿನಗಳನ್ನು ಕಳೆಯುವಂತಿಲ್ಲ. ಮಾರ್ಚ್ 8 ಕಡೆಯ ದಿನ. ಹಣ ಮರಳಿದ್ದು 12ರಂದು ಎಂದಾದರೆ ನಾಲ್ಕು ದಿನಗಳ ವಿಳಂಬ. 299 ರೂಪಾಯಿಯ ಜೊತೆಗೆ 400 ರೂಪಾಯಿ ಪರಿಹಾರ. ಪರಿಹಾರವೇ ಮೂಲ ಮೊತ್ತವನ್ನು ಮೀರುತ್ತದೆ.

ಹಲವರು ಎಡವುವುದು ಇದರ ಮುಂದಿನ ಹಂತದಲ್ಲಿ. ಈ ದಿನಲೆಕ್ಕ ಅನ್ವಯಿಸುವುದು ಪಾವತಿ ಸೋತಾಗ. ಪಾವತಿ ಯಶಸ್ವಿಯಾಗಿ ಆಪ್ ಕಂಪನಿಗೆ ಹಣ ತಲುಪಿದ ಬಳಿಕ ರೀಚಾರ್ಜ್ ಆದೇಶ ಸೋತರೆ ಅದು ಸರಕು ಪೂರೈಸದ ವ್ಯಾಪಾರಿಯ ಪ್ರಕರಣ. ಆಗ ಬ್ಯಾಂಕಿನ ಮೇಲೆ ದಿನಕ್ಕೆ 100 ರೂಪಾಯಿಯ ಹಕ್ಕು ಸಾಧಿಸಲು ಹೊರಟವರಿಗೆ ‘ವ್ಯವಹಾರ ಯಶಸ್ವಿ’ ಎಂಬ ಉತ್ತರ ಬರುತ್ತದೆ, ದೂರು ಮುಕ್ತಾಯವಾಗುತ್ತದೆ. ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿ ಅಂಗಡಿಯವರ ಕ್ಯೂಆರ್ ಕೋಡ್‌ಗೆ ಹಣ ಹಾಕಿದವರ ಸ್ಥಿತಿಯೂ ಇದೇ. ಅವರ ಯುಪಿಐ ಸಂಖ್ಯೆ ಅಂಗಡಿಗೆ ಹಣ ಸಂದಿತು ಎಂಬುದಕ್ಕಷ್ಟೇ ಸಾಕ್ಷಿ.

ದೂರಿನಲ್ಲಿ ಏನಿರಬೇಕು

ದೂರು ತಿರಸ್ಕೃತವಾಗಲು ಹಣ ಕಳೆದುಕೊಂಡವರ ಆಕ್ರೋಶ ಕಡಿಮೆ ಇರುವುದು ಕಾರಣವಲ್ಲ. ಸಂಖ್ಯೆಗಳು ಬೆರೆತಿರುವುದು ಕಾರಣ. ಒಂದೇ ರೀಚಾರ್ಜ್‌ಗೆ ಮೂರು ಬೇರೆ ಬೇರೆ ಗುರುತುಗಳಿರುತ್ತವೆ. ಬ್ಯಾಂಕಿಗೆ ಆಪ್‌ನ ಆದೇಶ ಸಂಖ್ಯೆ ಕೊಟ್ಟರೆ ಅಲ್ಲಿ ಅದು ಸಿಗುವುದಿಲ್ಲ. ದೂರವಾಣಿ ಕಂಪನಿಗೆ ಯುಪಿಐ ಸಂಖ್ಯೆ ಮಾತ್ರ ಕೊಟ್ಟರೆ ಅದೂ ವ್ಯರ್ಥ. ಆದ್ದರಿಂದ ವಿವರಗಳನ್ನು ಘಟನೆ ನಡೆದ ಕ್ರಮದಲ್ಲೇ ಬರೆಯುವುದು ಲೇಸು:

1. ರೀಚಾರ್ಜ್ ಆಗಬೇಕಿದ್ದ ಮೊಬೈಲ್ ಸಂಖ್ಯೆ, ಕಂಪನಿ, ಪ್ಯಾಕ್‌ನ ಮೊತ್ತ.
2. ದಿನಾಂಕ ಮತ್ತು ಬ್ಯಾಂಕ್ ಸಂದೇಶದಲ್ಲಿರುವ ನಿಖರ ಸಮಯ.
3. ಹಣ ಕಡಿತವಾದ ಬ್ಯಾಂಕ್, ಖಾತೆಯ ಕೊನೆಯ ನಾಲ್ಕು ಅಂಕಿ.
4. ಯುಪಿಐ ಉಲ್ಲೇಖ ಸಂಖ್ಯೆ. ಇದು 12 ಅಂಕಿಗಳದ್ದು. ಆಪ್‌ನಲ್ಲಿ UTR ಎಂದೂ ಕಾಣಬಹುದು. ಬ್ಯಾಂಕ್ ಗುರುತಿಸುವುದು ಇದನ್ನೇ.
5. ಆಪ್ ನೀಡಿದ ಆದೇಶ ಸಂಖ್ಯೆ. ಇದು ಆಪ್ ಕಂಪನಿಗೆ.
6. ದೂರವಾಣಿ ಕಂಪನಿಯ ಉಲ್ಲೇಖ ಸಂಖ್ಯೆ. ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು. ಆದೇಶ ಕಂಪನಿಯನ್ನು ತಲುಪಿಲ್ಲದಿರಬಹುದು ಎಂಬ ಸೂಚನೆ ಅದರಲ್ಲೇ ಇದೆ.
7. ಪಾವತಿ ಮತ್ತು ರೀಚಾರ್ಜ್, ಎರಡರ ಸ್ಥಿತಿ ಪ್ರತ್ಯೇಕವಾಗಿ.

ಇವುಗಳ ಕೆಳಗೆ ಬೇಡಿಕೆ ಒಂದೇ ಇರಲಿ: ಹಣ ಮರಳಿಸಿ, ಇಲ್ಲವೇ ಪ್ಯಾಕ್ ಜಾರಿ ಮಾಡಿ. ಖಾತೆಯ ವಿವರಪಟ್ಟಿಯ ಆ ಸಾಲು ಮತ್ತು ಆಪ್ ಪುಟದ ಚಿತ್ರ ಲಗತ್ತಿಸಿದರೆ ಸಾಕು. ಪಿನ್, ಒಟಿಪಿ, ಕಾರ್ಡಿನ ಪೂರ್ಣ ಸಂಖ್ಯೆ ಯಾವ ದೂರಿಗೂ ಬೇಕಿಲ್ಲ. ಕೇಳಿದವರು ವಂಚಕರೆಂದೇ ತಿಳಿಯಬೇಕು. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆ ಮಾಡಿ ಇರುವ ಹಣವನ್ನೂ ಕಳೆದುಕೊಂಡವರಿದ್ದಾರೆ. ಆಪ್‌ನೊಳಗಿನ ಸಹಾಯ ವಿಭಾಗದಿಂದಲೇ ದೂರು ದಾಖಲಿಸುವುದು ಸುರಕ್ಷಿತ.

ಮುಂದಿನ ಮೆಟ್ಟಿಲು

ಹಣ ಬ್ಯಾಂಕುಗಳ ನಡುವೆ ಸಿಲುಕಿದ್ದರೆ ಮೊದಲು ಆಪ್‌ನಲ್ಲಿ, ಬಳಿಕ ಸ್ವಂತ ಬ್ಯಾಂಕಿನಲ್ಲಿ ದೂರು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಮೊರೆ ಹೋಗಬಹುದು, ಶುಲ್ಕವಿಲ್ಲ.

ತಪ್ಪು ದೂರವಾಣಿ ಕಂಪನಿಯದಾದರೆ ದಾರಿ ಬೇರೆ. ಟ್ರಾಯ್‌ನ 2012ರ ನಿಯಮಾವಳಿಯಂತೆ ಕಂಪನಿಯ ದೂರು ಕೇಂದ್ರವು ಪ್ರತಿ ದೂರಿಗೂ ದಾಖಲಾತಿ ಸಂಖ್ಯೆ ನೀಡಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ದಾಖಲಾತಿ ಸಂಖ್ಯೆ ಬರೆದಿಟ್ಟುಕೊಳ್ಳದವರಿಗೆ ಈ ಮೆಟ್ಟಿಲು ಹತ್ತುವುದು ಕಷ್ಟ. ಟ್ರಾಯ್ ಸ್ವತಃ ವೈಯಕ್ತಿಕ ದೂರುಗಳನ್ನು ವಿಚಾರಿಸುವುದಿಲ್ಲ.

ಆಪ್ ಕಂಪನಿಯೇ ಹಣ ಹಿಡಿದಿಟ್ಟುಕೊಂಡಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದೂರವಾಣಿ ಕಂಪನಿಗಳ ವಿರುದ್ಧವೂ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಅದಕ್ಕೂ ಮುನ್ನ ಟೆಲಿಗ್ರಾಫ್ ಕಾಯ್ದೆಯನ್ನು ಮುಂದಿಟ್ಟು ಕಂಪನಿಗಳು ಈ ಆಯೋಗಗಳ ಅಧಿಕಾರವನ್ನೇ ಪ್ರಶ್ನಿಸುತ್ತಿದ್ದವು.

ಇಷ್ಟೆಲ್ಲದರ ನಡುವೆ ಗ್ರಾಹಕನೇ ತನ್ನ ದೂರನ್ನು ಗೋಜಲಾಗಿಸುವ ಸಂದರ್ಭವೊಂದಿದೆ. ‘ಬಾಕಿ’ ಎಂದು ಕಂಡೊಡನೆ ಆತುರದಿಂದ ಇನ್ನೊಮ್ಮೆ ಹಣ ಪಾವತಿಸುವುದು. ಕೆಲ ಗಂಟೆಗಳ ಬಳಿಕ ಮೊದಲ ಆದೇಶವೂ ಜಾರಿಯಾದರೆ ಎರಡು ಪ್ಯಾಕ್‌ಗಳು ಬಿದ್ದಿರುತ್ತವೆ. ಆಗ ಮರುಪಾವತಿ ಕೇಳಲು ಆಧಾರವೇ ಉಳಿಯುವುದಿಲ್ಲ, ಏಕೆಂದರೆ ಕೇಳಿದ ಸೇವೆ ಎರಡು ಬಾರಿಯೂ ದೊರೆತಿರುತ್ತದೆ. ಕರೆ ಅತ್ಯಗತ್ಯವಲ್ಲದಿದ್ದರೆ ‘ಬಾಕಿ’ ಎಂಬುದು ‘ಯಶಸ್ವಿ’ ಅಥವಾ ‘ವಿಫಲ’ ಎಂದು ಬದಲಾಗುವವರೆಗೆ ಕಾಯುವುದೇ ಕಡಿಮೆ ನಷ್ಟದ ದಾರಿ.