ಎರಡು ಫ್ರೇಮಿನ ನೀರು

ಹುಬ್ಬಳ್ಳಿ-ಧಾರವಾಡಕ್ಕೆ ನೀರು ಹೇಗೆ ಬರುತ್ತೆ ಅಂತ ನಾವು ಒಂದು ಮೋಷನ್ ಗ್ರಾಫಿಕ್ಸ್ ವಿಡಿಯೋ ಮಾಡಿದರೆ, ಮೊದಲ ಸೀನ್ ಹೇಗಿರುತ್ತೆ ಅಂತ ಈಗಲೇ ಹೇಳಬಹುದು. ನವಿಲುತೀರ್ಥದ ಡ್ಯಾಮ್, ತುಂಬಿದ ರೇಣುಕಾಸಾಗರ, ಮೇಲೆ ದಪ್ಪ ಅಕ್ಷರದಲ್ಲಿ 37.73 ಟಿಎಂಸಿ. ಅಲ್ಲಿಂದ ಒಂದು ನೀಲಿ ಗೆರೆ ಓಡಿ ಬಂದು ಮನೆಯ ನಲ್ಲಿಯಲ್ಲಿ ಮುಗಿಯುತ್ತೆ. ಅಂಕಿ ಸರಿಯಾಗೇ ಇದೆ. ಆದರೂ ವಿಡಿಯೋ ಸುಳ್ಳು ಹೇಳುತ್ತೆ ಅನ್ನೋದು ನಮ್ಮ ವಾದ.

ಮೊದಲು ಆ ಅಂಕಿಯನ್ನೇ ನೋಡೋಣ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,830 ಕೋಟಿ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ದಿನಕ್ಕೆ ಬೇಕಾಗೋದು ಸುಮಾರು 12.7 ಕೋಟಿ ಲೀಟರ್. ಅಂದರೆ ಸೋರಿಕೆ ಲೆಕ್ಕಕ್ಕೆ ಹಿಡಿಯದೆ, ಒಂದೇ ಟಿಎಂಸಿ ಏಳು ತಿಂಗಳು ಬರುತ್ತೆ! 37.73 ಅನ್ನೋದು ಎರಡು ಸೆಕೆಂಡಿನಲ್ಲಿ ಯಾರ ತಲೆಗೂ ಹೋಗಲ್ಲ. 'ಒಂದು ಟಿಎಂಸಿ, ಏಳು ತಿಂಗಳು' ಹೋಗುತ್ತೆ. ಅದಕ್ಕೆ ನಾಲ್ಕು ಸೆಕೆಂಡ್ ಕೊಡೋಣ. ದಶಾಂಶ ಬಿಟ್ಟರೂ ನಷ್ಟವಿಲ್ಲ, ಆದರೆ 'ಸುಮಾರು' ಅನ್ನೋ ಪದ ತೆರೆಯ ಮೇಲೂ ಇರಲಿ, ದನಿಯಲ್ಲೂ ಇರಲಿ. ಕಣ್ಣು ಒಂದು ಅಂಕಿ ಓದ್ತಾ ಕಿವಿ ಇನ್ನೊಂದು ಕೇಳಿದರೆ ಎರಡೂ ಉಳಿಯಲ್ಲ.

ಈಗ ನೋಡುವವರಿಗೆ ಸರಿಯಾದ ಪ್ರಶ್ನೆಯೇ ಬರುತ್ತೆ: ಡ್ಯಾಮಿನಲ್ಲಿ ಇಷ್ಟು ನೀರಿದ್ದರೆ ನಮ್ಮ ಓಣಿಗೆ ದಿನಾ ಯಾಕೆ ಬರಲ್ಲ? ಡ್ಯಾಮಿನ ನೀರಲ್ಲಿ ದೊಡ್ಡ ಪಾಲು ಕಾಲುವೆಗಳಿಗೆ ಹೋಗುತ್ತೆ ಅನ್ನೋದು ನಿಜ. ಆದರೆ ಊರಿಗೆ ಸಿಗೋದು ಎಷ್ಟು ಅನ್ನೋದನ್ನ ಪಂಪು, ಅಮ್ಮಿನಭಾವಿಯ ಶುದ್ಧೀಕರಣ ಘಟಕ, ಟ್ಯಾಂಕು, ಓಣಿಯ ಪೈಪುಗಳ ಸಾಮರ್ಥ್ಯವೂ ನಿರ್ಧರಿಸುತ್ತೆ. ನಿಲ್ಲದೆ ಹರಿಯೋ ನೀಲಿ ಗೆರೆ ಇದನ್ನೇ ಮುಚ್ಚಿಡೋದು.

ಹಾಗಾದರೆ ಕಾಯುವುದನ್ನ ತೋರಿಸೋದು ಹೇಗೆ? ಉದಾಹರಣೆಗೆ, ಒಂದು ಓಣಿಗೆ ಐದು ದಿನಕ್ಕೊಮ್ಮೆ ಎರಡು ತಾಸು ನೀರು ಬರುತ್ತೆ ಅಂದುಕೊಳ್ಳಿ. ಒಂದು ದಿನಕ್ಕೆ ಒಂದು ಸೆಕೆಂಡ್, ಅಂದರೆ 25 ಫ್ರೇಮ್. ಆಗ ಎರಡು ತಾಸಿಗೆ ಸಿಗೋದು ಬರೀ ಎರಡು ಫ್ರೇಮ್. ಲೆಕ್ಕ ಕರೆಕ್ಟ್, ಆದರೆ ಕಣ್ಣಿಗೆ ಅದು ಎಡಿಟಿಂಗ್ ತಪ್ಪಿನ ಹಾಗೆ ಮಿಂಚಿ ಹೋಗುತ್ತೆ.

ನಾವಾದರೆ ಒಣ ನಲ್ಲಿಯ ಸೆಕೆಂಡುಗಳನ್ನ ಒಂದು ಫ್ರೇಮೂ ಕಡಿಮೆ ಮಾಡಲ್ಲ. ನೀರು ಬಂದ ಕೂಡಲೇ ದಿನಗಳ ಕ್ಯಾಲೆಂಡರ್ ನಿಲ್ಲಿಸಿ, ಗಡಿಯಾರ ತಂದು, 'ಎರಡು ತಾಸು' ಅಂತ ಬರೆದು, ಅದಕ್ಕೆ ಒಂದು ಸೆಕೆಂಡ್ ಕೊಡ್ತೀವಿ. ಕಾಲದ ಅಳತೆ ಬದಲಾಯಿತು ಅನ್ನೋದು ನೋಡುವವರಿಗೆ ಗೊತ್ತಾಗಬೇಕು, ಅಷ್ಟೇ. ಮ್ಯೂಸಿಕ್ ಬೀಟಿಗೆ ಹೊಂದಲ್ಲ, ಬೋರ್ ಆಗುತ್ತೆ ಅಂತ ಒಣ ನಲ್ಲಿಯನ್ನ ಕತ್ತರಿಸೋಕೆ ಕೈ ಹೋಗೇ ಹೋಗುತ್ತೆ. ಆದರೆ ಬೋರ್ ಆಗೋ ಆ ಸೆಕೆಂಡುಗಳೇ ಈ ವಿಡಿಯೋದ ನಿಜವಾದ ಡೇಟಾ.