ಸಾರಾಂಶ ಓದಿ ತೀರ್ಪು ಓದಿದೆವು ಅನ್ನಬ್ಯಾಡ್ರಿ

ಸ್ವಲ್ಪ ಉದ್ದ ಐತಿ, ಆದರೂ ಪೂರ್ತಿ ಓದಿ. ದೌರ್ಜನ್ಯ ಪ್ರಕರಣಗಳಲ್ಲಿ ದೂರು ಬರೆಸೋಕೆ ಠಾಣೆಗೆ ಹೋಗುವವರಂತೂ ಬಿಡದೆ ಓದಬೇಕು.

ಗಂಗಾವತಿಯಲ್ಲಿ ನಾಲ್ಕು ತಾಲೂಕಿನ ಕಾರ್ಯಕರ್ತರಿಗೆ ಒಂದು ದಿನದ ಕಾನೂನು ಕಮ್ಮಟ ಅಂತ ಮಾತಾಡಿದ್ದೆವು. ಅಲ್ಲಿ ಹಂಚೋಕೆ ಎರಡು ಪುಟದ ಟಿಪ್ಪಣಿ ಬೇಕಿತ್ತು. ಕುಷ್ಟಗಿ ಕಡೆಯ ನಮ್ಮ ತಮ್ಮನೊಬ್ಬ, ಓದಿದ ಹುಡುಗ, ಎರಡೇ ದಿನದಲ್ಲಿ ಬರೆದು ಕಳಿಸಿದ. ಭಾಷೆ ಚಂದ, ಓದಿದರೆ ಅರ್ಥ ಆಗ್ತದೆ, ಪ್ರತಿ ಅಂಶದ ಕೆಳಗೆ ತೀರ್ಪಿನ ಹೆಸರು, ವರ್ಷ, ಪುಟ ಸಂಖ್ಯೆ. ಪ್ರಿಂಟಿಗೆ ಕೊಡೋಕೆ ನಾನೂ ರೆಡಿ ಆಗಿದ್ದೆ. ನಮ್ಮ ಜೊತೆ ಕೆಲಸ ಮಾಡುವ ವಕೀಲ ಅಕ್ಕ ಒಂದೇ ಪ್ರಶ್ನೆ ಕೇಳಿದರು: "ಇದರಾಗ ಎಷ್ಟು ತೀರ್ಪು ನೀವು ತೆರದು ನೋಡೀರಿ?"

ಒಂದೂ ಇಲ್ಲ. ಹುಡುಗನೂ ನೋಡಿರಲಿಲ್ಲ. ಮೂರ್ನಾಲ್ಕು ವಾಟ್ಸಾಪ್ ಪೋಸ್ಟು, ಒಂದಿಷ್ಟು ವೆಬ್‌ಸೈಟು, ಒಂದು ಮೊಬೈಲ್ ಆ್ಯಪು, ಎಲ್ಲ ಸೇರಿಸಿ ಹೊಲಿದಿದ್ದ. "ಪುಟ ಸಂಖ್ಯೆ ಸಮೇತ ಐತಲ್ಲಣ್ಣ, ಸುಳ್ಳು ಹೆಂಗ ಆಗ್ತೈತಿ?" ಅಂದ. ಅವನನ್ನು ಬೈಯಲ್ಲ, ನಾನೂ ಹಾಗೇ ನಂಬಿದ್ದೆ. ಆ ದಿನ ಮಧ್ಯಾಹ್ನದಿಂದ ರಾತ್ರಿವರೆಗೆ ಕೂತು ಸಾಲು ಸಾಲು ತಾಳೆ ನೋಡಿದೆವು.

ಮೊದಲು, ಇಲ್ಲದೇ ಇರುವ ತೀರ್ಪು. ಒಂದು ಅಂಶಕ್ಕೆ ಸುಪ್ರೀಂ ಕೋರ್ಟಿನದು ಅಂತ ಒಂದು ಹೆಸರು, ಎಸ್‌ಸಿಸಿ ಸಂಪುಟ, ಪುಟ ಕೊಟ್ಟಿದ್ದ. ಆ ಹೆಸರನ್ನು ಇಲ್ಲಿ ಬರೆಯಲ್ಲ. ಬರೆದರೆ ಇದೇ ಪೋಸ್ಟಿನಿಂದ ಯಾರೋ ಕಾಪಿ ಮಾಡಿ ಅದಕ್ಕೆ ಮತ್ತೆ ಜೀವ ಕೊಡ್ತಾರೆ. ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿದೆವು, ಸಿಗಲಿಲ್ಲ. ಕಾಗುಣಿತ ಬೇರೆ ಇರಬಹುದು ಅಂತ ಬೇರೆ ಬೇರೆ ತರಹ ಹಾಕಿದೆವು, ಆಗಲೂ ಇಲ್ಲ. ಅಕ್ಕ ಆ ಸಂಪುಟವನ್ನೇ ತೆಗೆದು ಆ ಪುಟ ತೆರೆದರು. ಅಲ್ಲಿ ಬೇರೆ ಯಾವುದೋ ಪ್ರಕರಣದ ನಡುಮಧ್ಯದ ಪುಟ ಇತ್ತು. ಎಸ್‌ಸಿಸಿ ಉಲ್ಲೇಖದಲ್ಲಿ ಕೊಡುವ ಪುಟ ತೀರ್ಪು ಶುರುವಾಗುವ ಪುಟ. ಅಲ್ಲಿ ಆ ಪ್ರಕರಣ ಶುರುವಾಗದಿದ್ದರೆ ಆ ಉಲ್ಲೇಖ ಬೋಗಸ್ಸು, ಇಲ್ಲವೇ ಅಂಕಿ ತಪ್ಪು. ಯಾವುದೇ ಆದರೂ ಹಂಚೋಕೆ ಬರಲ್ಲ.

ಇನ್ನೊಂದು ನಮ್ಮ ಜಿಲ್ಲೆಯದೇ ಅಂತ ಇತ್ತು. ಯಲಬುರ್ಗಾ ತಾಲೂಕಿನ ಪ್ರಕರಣ, ಹೈಕೋರ್ಟಿನ ಕಲಬುರಗಿ ಪೀಠದ ಆದೇಶ ಅಂತ. ಅಕ್ಕ ಹುಡುಕೋದಕ್ಕೂ ಮೊದಲೇ ನಕ್ಕರು. ನಾವು ಕಲ್ಯಾಣ ಕರ್ನಾಟಕದವರು, 1997ರ ತನಕ ರಾಯಚೂರು ಜಿಲ್ಲೆಯಲ್ಲಿದ್ದವರು ನಿಜ. ಆದರೆ ಕೊಪ್ಪಳ ಜಿಲ್ಲೆಯ ಪ್ರಕರಣಗಳು ಹೋಗೋದು ಧಾರವಾಡ ಪೀಠಕ್ಕೆ. ಈಚಿನ ಹೈಕೋರ್ಟ್ ಆದೇಶಗಳ ಮೊದಲ ಪುಟದ ಮೇಲೆ ಒಂದು ಸಂಖ್ಯೆ ಇರ್ತದೆ, ಧಾರವಾಡದ್ದಾದರೆ ಅದರಲ್ಲಿ KHC-D ಅಂತ, ಕಲಬುರಗಿಯದ್ದಾದರೆ KHC-K ಅಂತ. ಹುಡುಗನ ಟಿಪ್ಪಣಿಯಲ್ಲಿ ಅಂಥ ಸಂಖ್ಯೆಯೂ ಇರಲಿಲ್ಲ, ಮೇಲ್ಮನವಿ ಸಂಖ್ಯೆಯೂ ಇರಲಿಲ್ಲ. ಹುಡುಕಿದರೂ ಏನೂ ಸಿಗಲಿಲ್ಲ. ತೆಗೆದು ಹಾಕಿದೆವು.

ಇದು ನಮ್ಮಂಥ ಊರ ಮಂದಿಗೆ ಮಾತ್ರ ಆಗೋದಲ್ಲ. 2025ರ ಮಾರ್ಚ್‌ನಲ್ಲಿ ನಮ್ಮದೇ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಒಂದು ವಾಣಿಜ್ಯ ವ್ಯಾಜ್ಯ ಬಂತು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಆದೇಶದಲ್ಲಿ ಸುಪ್ರೀಂ ಕೋರ್ಟಿನವು ಅಂತ ಹೇಳಿದ ತೀರ್ಪುಗಳೇ ಅಸ್ತಿತ್ವದಲ್ಲಿ ಇರಲಿಲ್ಲ. ವಾದಿ ಕಡೆಯ ವಕೀಲರು, ನಾವು ಅವನ್ನು ಕೊಟ್ಟೇ ಇಲ್ಲ ಅಂದರು. ಕೋರ್ಟಿನ ಆದೇಶದೊಳಗೇ ಇಲ್ಲದ ತೀರ್ಪು ಬಂದು ಕೂರಬಹುದಾದರೆ ನಮ್ಮ ಎರಡು ಪುಟದ ಕರಪತ್ರದ ಗತಿ ಏನು?

ಆದರೆ ನಾನು ಈ ಪೋಸ್ಟ್ ಬರೆಯೋಕೆ ಕಾರಣ ಇಲ್ಲದ ತೀರ್ಪಲ್ಲ. ಅದು ಹುಡುಕಿದರೆ ಸಿಕ್ಕಿಬೀಳ್ತದೆ. ನಿಜವಾದ ತೀರ್ಪು, ಸರಿಯಾದ ಪುಟ ಸಂಖ್ಯೆ, ಆದರೆ ಒಳಗೆ ಹೇಳಿದ್ದೇ ಬೇರೆ: ಅದು ಅಪಾಯ.

ಟಿಪ್ಪಣಿಯ ಎರಡನೇ ಅಂಶ ಹೀಗಿತ್ತು: "ಮನೆಯೊಳಗೆ ಜಾತಿ ಹೆಸರು ಹಿಡಿದು ಬೈದರೆ ದೌರ್ಜನ್ಯ ಕಾಯ್ದೆ ಅನ್ವಯಿಸುವುದಿಲ್ಲ. ಜಮೀನು ವ್ಯಾಜ್ಯ ಇದ್ದರೂ ಅನ್ವಯಿಸುವುದಿಲ್ಲ. ಹೀಗಾಗಿ ಸುಪ್ರೀಂ ಕೋರ್ಟ್ ಎಫ್‌ಐಆರ್ ರದ್ದು ಮಾಡಿತು. ಹಿತೇಶ್ ವರ್ಮಾ ವಿರುದ್ಧ ಉತ್ತರಾಖಂಡ ರಾಜ್ಯ, (2020) 10 ಎಸ್‌ಸಿಸಿ 710." ಉಲ್ಲೇಖ ಸರಿ ಐತಿ. 2020ರ ನವೆಂಬರ್ 5ರ ತೀರ್ಪು, ಕ್ರಿಮಿನಲ್ ಅಪೀಲು ಸಂಖ್ಯೆ 707/2020, ಮೂವರು ನ್ಯಾಯಮೂರ್ತಿಗಳು. ಪಿಡಿಎಫ್ ಇಳಿಸಿಕೊಂಡು ಓದಿದೆವು. ಆ ಮೂರು ವಾಕ್ಯದಲ್ಲಿ ಮೂರೂ ತಪ್ಪು.

ಮನೆಯ ಮಾತು ಮೊದಲು. 3(1)(ಆರ್) ಕಲಮಿಗೆ ಬೇಕಾದದ್ದು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಆದ ಅವಮಾನ. (2016ಕ್ಕಿಂತ ಹಿಂದಿನ ತೀರ್ಪುಗಳಲ್ಲಿ ಇದೇ ಅಪರಾಧ 3(1)(ಎಕ್ಸ್) ಅಂತ ಇರ್ತದೆ, ಗೊಂದಲ ಮಾಡ್ಕೋಬ್ಯಾಡ್ರಿ.) ಹಿತೇಶ್ ವರ್ಮಾದಲ್ಲಿ ಕೋರ್ಟ್ ಹೇಳಿದ್ದು ಎರಡು ಮಾತು ಕೂಡಿಸಿ: ಬೈದದ್ದು ನಾಲ್ಕು ಗೋಡೆಯ ಒಳಗೆ, ಮತ್ತು ಆಗ ಅಲ್ಲಿ ನೆಂಟರು ಗೆಳೆಯರಲ್ಲದ ಹೊರಗಿನವರು ಇದ್ದರು ಅಂತ ದೂರುದಾರರು ಹೇಳಿಲ್ಲ. ಚಾರ್ಜ್‌ಶೀಟಿನಲ್ಲಿ ಸಾಕ್ಷಿಗಳ ಹೆಸರಿದ್ದರೂ ಅವರು ಮನೆಯೊಳಗೆ ಇದ್ದರು ಅನ್ನಲು ಆಧಾರ ಇರಲಿಲ್ಲ. ಅದೇ ತೀರ್ಪು 2008ರ ಸ್ವರಣ್ ಸಿಂಗ್ ತೀರ್ಪನ್ನು ಎತ್ತಿ ಹೇಳ್ತದೆ: ಕಟ್ಟಡದ ಒಳಗಾದರೂ ಹೊರಗಿನ ಜನ ಇದ್ದರೆ ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳವೇ, ರಸ್ತೆಯಿಂದ ಕಾಣುವ ಮನೆ ಮುಂದಿನ ಅಂಗಳವೂ ಅಷ್ಟೇ. ಹುಡುಗನ ಸಾರಾಂಶದಲ್ಲಿ "ಮನೆಯೊಳಗೆ" ಉಳಿಯಿತು, "ಹೊರಗಿನವರು ಯಾರೂ ಇರಲಿಲ್ಲ" ಹೋಯಿತು.

ಇದರಿಂದ ಆಗುವ ನಷ್ಟ ನೋಡಿ. ಒಬ್ಬ ತಾಯಿ ಬಂದು, ಸಾಹುಕಾರ ನಮ್ಮ ಪಡಸಾಲಿಗೆ ಬಂದು ಜಾತಿ ಎತ್ತಿ ಬೈದ ಅಂತಾಳೆ. ಈ ಟಿಪ್ಪಣಿ ಓದಿದ ಕಾರ್ಯಕರ್ತ "ಮನಿ ಒಳಗ ಆಗೈತಿ, ಕೇಸ್ ನಿಲ್ಲಂಗಿಲ್ಲ ಯವ್ವಾ" ಅಂತ ವಾಪಸ್ ಕಳಿಸ್ತಾನೆ. ತೀರ್ಪು ನಿಜವಾಗಿ ಓದಿದವನು ಬೇರೆ ಪ್ರಶ್ನೆ ಕೇಳ್ತಾನೆ: ಆಗ ಒಳಗೆ ಯಾರ್ಯಾರು ಇದ್ದರು? ಓಣಿಯವರು ಬಾಗಿಲಲ್ಲಿ ನಿಂತಿದ್ದರೇ? ಹೊರಗಿಂದ ಕಾಣ್ತಿತ್ತೇ? ಇದ್ದವರ ಹೆಸರು ಮೊದಲ ದೂರಿನಲ್ಲೇ ಬರಬೇಕು, ಎಲ್ಲಿ ನಿಂತಿದ್ದರು ಅನ್ನೋದೂ ಬರಬೇಕು. ಇದ್ದದ್ದನ್ನೇ ಬರೆಸಬೇಕು, ಇಲ್ಲದವರನ್ನು ಸೇರಿಸಬಾರದು, ಅದು ಬೇರೆ ಮಾತು.

ಇನ್ನು ಜಮೀನಿನ ಮಾತು. ಸ್ವಾಧೀನದ ವ್ಯಾಜ್ಯದಿಂದ ಹುಟ್ಟಿದ ಜಗಳ ಈ ಕಾಯ್ದೆಯ ಅಪರಾಧ ಆಗಲ್ಲ ಅಂತ ಕೋರ್ಟ್ ಹೇಳಿದ್ದು ನಿಜ. ಆದರೆ ವಾಕ್ಯ ಅಲ್ಲಿಗೆ ನಿಲ್ಲಲ್ಲ; ಪರಿಶಿಷ್ಟ ಜಾತಿ, ಪಂಗಡದವರು ಅನ್ನೋ ಕಾರಣಕ್ಕೇ ಬೈದು ಬೆದರಿಸಿದ್ದರ ಹೊರತು ಅನ್ನೋ ಷರತ್ತು ಅದಕ್ಕೆ ಅಂಟಿಕೊಂಡಿದೆ. "ಹೊರತು" ಬಿಟ್ಟರೆ ತೀರ್ಪು ತಿರುವು ಮುರುವು. ಈ ತೀರ್ಪನ್ನು ನಾನು ಒಪ್ಪಲ್ಲ. ನಮ್ಮ ಕಡೆ ಜಮೀನಿನ ಜಗಳದಲ್ಲಿ ಜಾತಿ ಎಲ್ಲಿ ಮುಗೀತು, ಬದು ಎಲ್ಲಿ ಶುರುವಾಯ್ತು ಅಂತ ಬಿಡಿಸೋಕಾಗ್ತದಾ? ಆದರೆ ಒಪ್ಪದ ತೀರ್ಪನ್ನೂ ಇದ್ದ ಹಾಗೇ ಹೇಳಬೇಕು. ಇನ್ನೊಂದು, ಅಲ್ಲಿ ಚರ್ಚೆಯಾದದ್ದು ಅವಮಾನದ ಕಲಮು. ದಲಿತರ ಜಮೀನನ್ನು ಅಕ್ರಮವಾಗಿ ಸಾಗು ಮಾಡೋದು, ಅದರಿಂದ ಎಬ್ಬಿಸಿ ಹಾಕೋದು 3(1)(ಎಫ್), 3(1)(ಜಿ) ಅಡಿ ಬೇರೆಯೇ ಅಪರಾಧ. "ಜಮೀನು ಅಂದ್ರೆ ಕಾಯ್ದೆ ಇಲ್ಲ" ಅಂದರೆ ಆ ಎರಡು ಕಲಮನ್ನೂ ನಾವೇ ಹೂತ ಹಾಗೆ.

ಮೂರನೇದು, "ಎಫ್‌ಐಆರ್ ರದ್ದು". ಇಲ್ಲ. ಕೊನೆಯ ಪುಟ ನೋಡಿ: ದೌರ್ಜನ್ಯ ಕಾಯ್ದೆಯ ಆರೋಪದ ಮಟ್ಟಿಗೆ ಮಾತ್ರ ಚಾರ್ಜ್‌ಶೀಟ್ ರದ್ದು. ಐಪಿಸಿ ಆರೋಪಗಳ ವಿಚಾರಣೆ ನಡೆಯಲಿ ಅಂತಲೇ ಆದೇಶ. ನಾನೀಗ ಯಾವ ತೀರ್ಪು ಸಿಕ್ಕರೂ ಮೊದಲು ಕೊನೆಯ ಪುಟಕ್ಕೆ ಹೋಗ್ತೇನೆ, ಯಾರಿಗೆ ಏನು ಸಿಕ್ಕಿತು ನೋಡಿ ಆಮೇಲೆ ಹಿಂದಕ್ಕೆ ಬರ್ತೇನೆ. ನಡುವಿನ ಪುಟಗಳಲ್ಲಿ ಎರಡೂ ಕಡೆಯ ವಕೀಲರ ವಾದ, ಕೆಳಗಿನ ಕೋರ್ಟಿನ ಮಾತು, ಹಳೇ ತೀರ್ಪಿನ ಸಾಲು ಎಲ್ಲ ಇರ್ತವೆ. ಯಾರ ಬಾಯಿಂದ ಬಂದ ಮಾತು ಅಂತ ಅಂಚಿನಲ್ಲಿ ಪೆನ್ಸಿಲಲ್ಲಿ ಗುರುತು ಹಾಕದೆ ಹೋದರೆ ಆರೋಪಿಯ ವಕೀಲ ವಾದಿಸಿದ್ದನ್ನೇ "ಕೋರ್ಟ್ ಹೇಳಿತು" ಅಂತ ಬರೆದುಬಿಡ್ತೇವೆ.

ತಪ್ಪು ಯಾವಾಗಲೂ ನಮ್ಮ ವಿರುದ್ಧವೇ ಇರ್ತದೆ ಅಂತಿಲ್ಲ. ಟಿಪ್ಪಣಿಯ ಇನ್ನೊಂದು ಸಾಲು: "18ಎ ಪ್ರಕಾರ ನಿರೀಕ್ಷಣಾ ಜಾಮೀನು ಯಾವ ಕಾಲಕ್ಕೂ ಇಲ್ಲ, ಪೃಥ್ವಿರಾಜ್ ಚೌಹಾಣ್, 2020." ಓದಿ ಖುಷಿಯಾಗಿದ್ದೆ. ತೀರ್ಪಿನಲ್ಲಿ 18ಎ ಎತ್ತಿಹಿಡಿದದ್ದು ಸರಿ, ಆದರೆ ಮೇಲ್ನೋಟಕ್ಕೆ ಕಾಯ್ದೆಯ ಅಪರಾಧವೇ ಕಾಣದಿದ್ದರೆ ಆ ನಿರ್ಬಂಧ ಅನ್ವಯಿಸಲ್ಲ ಅಂತಲೂ ಅದರಲ್ಲೇ ಇದೆ. ನಮಗೆ ಬೇಕಾದದ್ದು ಸಿಕ್ಕಾಗ ತಾಳೆ ನೋಡೋ ಮನಸ್ಸೇ ಬರಲ್ಲ, ನನ್ನದೇ ಅನುಭವ.

ಮರಕುಂಬಿ ವಿಷಯದಲ್ಲೂ ಅದೇ. 2014ರ ಆಗಸ್ಟ್ 28ರಂದು ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ನಮ್ಮವರ ಮನೆಗಳಿಗೆ ಬೆಂಕಿ ಬಿತ್ತು, 2024ರ ಅಕ್ಟೋಬರ್ 24ರಂದು ಕೊಪ್ಪಳ ಸೆಷನ್ಸ್ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಟಿಪ್ಪಣಿಯಲ್ಲಿ "101 ಜನರಿಗೆ ಜೀವಾವಧಿ" ಅಂತಿತ್ತು. ಶಿಕ್ಷೆಯಾದದ್ದು 101 ಜನರಿಗೆ, ಜೀವಾವಧಿ 98 ಜನರಿಗೆ. ಉಳಿದ ಮೂವರಿಗೆ 5 ವರ್ಷ. ಕಾರಣ ಕಾಯ್ದೆಯ 3ನೇ ಕಲಮಿನ ಮೊದಲ ಸಾಲಿನಲ್ಲೇ ಇದೆ: ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರು ಮಾಡಿದರೆ ಮಾತ್ರ ಆ ಕಲಮು. ಆ ಮೂವರು ಆ ಸಮುದಾಯಗಳವರೇ ಆಗಿದ್ದರು. ಮುಂದೆ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಾಗ "ಹೈಕೋರ್ಟಿನ್ಯಾಗ ಕೇಸ್ ಬಿದ್ದೋತು" ಅಂತ ಊರೂರಲ್ಲಿ ಸುದ್ದಿ. ಮೇಲ್ಮನವಿ ನಡೆಯುವಾಗಿನ ಜಾಮೀನು ಖುಲಾಸೆ ಅಲ್ಲ. ಕೇಸ್ ಬಿತ್ತು ಅಂತ ನಂಬಿದರೆ ಸಂತ್ರಸ್ತರು ಧಾರವಾಡಕ್ಕೆ ಹೋಗಿ ವಕೀಲರನ್ನು ನೋಡೋದನ್ನೇ ಬಿಡ್ತಾರೆ.

ಕಮ್ಮಟ ಒಂದು ವಾರ ಮುಂದಕ್ಕೆ ಹಾಕಿದೆವು. ಎರಡು ಪುಟದ ಟಿಪ್ಪಣಿ ಒಂದೂಕಾಲು ಪುಟ ಆಯಿತು. ಪ್ರತಿ ಅಂಶದ ಪಕ್ಕ ಕೋರ್ಟಿನ ಪ್ರಕರಣ ಸಂಖ್ಯೆ, ಪಿಡಿಎಫಿನ ಪ್ಯಾರಾ ಸಂಖ್ಯೆ, ಮತ್ತು ಅದನ್ನು ತೆರೆದು ಓದಿದವರ ಹೆಸರು. ಹಿತೇಶ್ ವರ್ಮಾ ಪಕ್ಕ ಈಗ ಆ ಕುಷ್ಟಗಿ ಹುಡುಗನ ಹೆಸರೇ ಐತಿ. ಪಿಡಿಎಫ್‌ಗಳು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೇನೆ.