ಪ್ಲೇಟ್‌ಲೆಟ್ 98 ಎಂದರೆ ಬರೀ ತೊಂಬತ್ತೆಂಟಲ್ಲ

ಮಳೆಗಾಲದಲ್ಲಿ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ರಕ್ತ ಪರೀಕ್ಷೆಯ ಫೋಟೋ ಬಂತೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಪ್ಲೇಟ್‌ಲೆಟ್ ಸಾಲಿಗೆ. ಇಲ್ಲೊಂದು ಉದಾಹರಣೆ. ಜ್ವರ ಬಂದು ನಾಲ್ಕು ದಿನವಾಗಿದೆ, ಡೆಂಗಿ ಎಂದು ಗೊತ್ತಾಗಿದೆ. ರಿಪೋರ್ಟಿನಲ್ಲಿ PLT ಎದುರು 98, ಪಕ್ಕದಲ್ಲಿ L. "ಲಕ್ಷ ಇರಬೇಕಾದ್ದು ನೂರೂ ಇಲ್ವಲ್ಲೋ" ಎಂದು ಅಕ್ಕ ಅಳುತ್ತಾ ಫೋನ್ ಮಾಡುತ್ತಾಳೆ.

ಅವಳಿಗೆ ಮೊದಲು ತೋರಿಸಬೇಕಾದ್ದು ಅದೇ ಸಾಲಿನಲ್ಲಿರುವ 10³/µL ಎಂಬ ಅಳತೆ. ಅಲ್ಲಿರುವ ಸಂಖ್ಯೆಯನ್ನು ಸಾವಿರದಿಂದ ಗುಣಿಸಿ ಎಂದು ಅದರ ಅರ್ಥ. ಹಾಗಾಗಿ 98 ಎಂದರೆ 98,000. ಇದನ್ನೇ ಇನ್ನೊಂದು ಲ್ಯಾಬ್ 0.98 ಲಕ್ಷ ಎಂದು ಬರೆಯುತ್ತದೆ. ಸಾಮಾನ್ಯವಾಗಿ ಇರಬೇಕಾದ್ದು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. L ಎಂದರೆ ಆ ಮಟ್ಟಕ್ಕಿಂತ ಕಡಿಮೆ ಎಂದಷ್ಟೇ. ಎಷ್ಟು ಅಪಾಯ ಎಂಬುದನ್ನು ಆ ಅಕ್ಷರ ಹೇಳುವುದಿಲ್ಲ.

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಸಾಮಾನ್ಯ. ರಕ್ತಸ್ರಾವ ಇಲ್ಲದಿದ್ದರೆ 98,000ಕ್ಕೆ ಪ್ಲೇಟ್‌ಲೆಟ್ ಹಾಕಿಸುವ ಅಗತ್ಯ ಬರುವುದಿಲ್ಲ. ಹತ್ತು ಸಾವಿರದ ಆಸುಪಾಸಿಗೆ ಇಳಿದಾಗ ಅಥವಾ ರಕ್ತಸ್ರಾವ ಇದ್ದಾಗ ಡಾಕ್ಟರು ಅದರ ಯೋಚನೆ ಮಾಡುತ್ತಾರೆ.

ನಾವು ನೋಡದೆ ಬಿಡುವ ಸಾಲು PCV. ಕೆಲವು ಕಡೆ HCT ಎಂದಿರುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂದು ಇದು ಹೇಳುತ್ತದೆ. ಡೆಂಗಿ ಜೋರಾದಾಗ ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿ ರಕ್ತ ಗಟ್ಟಿಯಾಗುತ್ತದೆ, ಈ ಸಂಖ್ಯೆ ಏರುತ್ತದೆ. ನಿನ್ನೆ 41 ಇದ್ದದ್ದು ಇವತ್ತು 42 ಆದರೆ ದೊಡ್ಡ ವ್ಯತ್ಯಾಸವಲ್ಲ. 49 ದಾಟಿದರೆ ಸುಮಾರು ಐದನೇ ಒಂದು ಪಾಲು ಏರಿದಂತೆ. ಆಗ ಪ್ಲೇಟ್‌ಲೆಟ್ ಎಷ್ಟೇ ಇರಲಿ, ತಕ್ಷಣ ಡಾಕ್ಟರಿಗೆ ತೋರಿಸಬೇಕು. ಒಂದೇ ದಿನದ ರಿಪೋರ್ಟಿನಿಂದ ಈ ಏರಿಕೆ ತಿಳಿಯುವುದಿಲ್ಲ. ಅದಕ್ಕೇ ಹಳೆಯ ರಿಪೋರ್ಟ್ ಎಸೆಯಬಾರದು. ಫೋಟೋ ಕಳಿಸುವಾಗಲೂ ಒಂದು ಸಾಲು ಕತ್ತರಿಸಿ ಕಳಿಸದೆ ತಾರೀಕು, ಅಳತೆ ಕಾಣುವ ಹಾಗೆ ಪೂರ್ತಿ ಹಾಳೆ ಕಳಿಸಬೇಕು.

ಜ್ವರ ಬಿಟ್ಟಿತು ಎಂದು ಮನೆಯವರು ನೆಮ್ಮದಿಯಾಗುವ ಆ ಒಂದೆರಡು ದಿನವೇ ಡೆಂಗಿಯಲ್ಲಿ ಹೆಚ್ಚು ಎಚ್ಚರ ಬೇಕಾದ ಹೊತ್ತು. ಹೊಟ್ಟೆನೋವು ಜೋರಾಗುವುದು, ವಾಂತಿ ನಿಲ್ಲದಿರುವುದು, ವಸಡಿನಲ್ಲಿ ರಕ್ತ, ತೀರಾ ಸುಸ್ತು, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಒಂದು ಕಂಡರೂ ಮುಂದಿನ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ನನ್ನ ಪ್ರಕಾರ ಲ್ಯಾಬಿನವರು "98 ಸಾವಿರ" ಎಂದು ಕನ್ನಡದಲ್ಲಿ ಒಂದು ಸಾಲು ಮುದ್ರಿಸಬೇಕು. ಅದಕ್ಕೆ ಖರ್ಚೇನೂ ಹೆಚ್ಚಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಓದು ಬಲ್ಲವರು ಅಕ್ಕನಿಗೆ ಬರೀ "ಹೆದರಬೇಡ" ಎಂದು ಹೇಳಿ ಫೋನಿಡಬಾರದು. "ಪಿಸಿವಿ ಎಷ್ಟಿದೆ, ನಿನ್ನೆ ಎಷ್ಟಿತ್ತು, ಅವರು ನೀರು ಕುಡೀತಿದ್ದಾರಾ, ಮೂತ್ರ ಸರಿಯಾಗಿ ಹೋಗ್ತಿದೆಯಾ" ಎಂದು ಕೇಳಬೇಕು.